ಅದಲುಬದಲು ಮಾಡಿದರೆ ಹೊಸದಾಗುತ್ತದೆಯೇ?

ಪ್ರಥಮ ಪಿಯುಸಿಯಲ್ಲಿ ಕ್ರಮಯೋಜನೆ ಮತ್ತು ವಿಕಲ್ಪಗಳ ಪಾಠ ಶುರುವಾದೊಡನೆ ಮಕ್ಕಳ ನಡುವೆ ಒಂದು ಸುಲಭ ಉಪಾಯ ಓಡಾಡತೊಡಗುತ್ತದೆ. ಪ್ರಶ್ನೆಯಲ್ಲಿ ‘ಜೋಡಿಸಿ’ ಎಂದಿದ್ದರೆ ಕ್ರಮಯೋಜನೆ, ‘ಆಯ್ಕೆ ಮಾಡಿ’ ಎಂದಿದ್ದರೆ ವಿಕಲ್ಪ. ಅಭ್ಯಾಸ ಹಾಳೆಯ ಮೊದಲ ಎರಡು ಮೂರು ಲೆಕ್ಕಗಳಲ್ಲಿ ಇದು ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಈ ಉಪಾಯವನ್ನು ಕಲಿಸದೇ ಇರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕ್ರಮ ಮುಖ್ಯವೋ ಅಲ್ಲವೋ ಎನ್ನುವುದು ಪ್ರಶ್ನೆಯಲ್ಲಿರುವ ಕ್ರಿಯಾಪದದಲ್ಲಿ ಇರುವುದಿಲ್ಲ, ಎಣಿಸಬೇಕಾದ ವಸ್ತುವಿನಲ್ಲಿ ಇರುತ್ತದೆ.

ಎರಡು ಲೆಕ್ಕ ನೋಡೋಣ. ಎಂಟು ಜನರ ಸಂಘವೊಂದು ತನ್ನೊಳಗಿಂದಲೇ ಒಬ್ಬ ಅಧ್ಯಕ್ಷರನ್ನೂ ಒಬ್ಬ ಕಾರ್ಯದರ್ಶಿಯನ್ನೂ ಆಯ್ಕೆ ಮಾಡಬೇಕು. ಅದೇ ಸಂಘ ಜಿಲ್ಲಾ ಸಭೆಗೆ ಇಬ್ಬರು ಪ್ರತಿನಿಧಿಗಳನ್ನು ಆಯ್ಕೆ ಮಾಡಬೇಕು. ಎರಡರಲ್ಲೂ ಇರುವುದು ‘ಆಯ್ಕೆ’ಯೇ. ಆದರೆ ಮೊದಲನೆಯದರಲ್ಲಿ ಲಲಿತಾ ಅಧ್ಯಕ್ಷೆ, ಸರೋಜಾ ಕಾರ್ಯದರ್ಶಿ ಎಂಬ ಉತ್ತರದಲ್ಲಿ ಇಬ್ಬರ ಹೆಸರನ್ನು ಅದಲುಬದಲು ಮಾಡಿದರೆ ಬೇರೆಯೇ ಆಡಳಿತ ಮಂಡಳಿ ಬರುತ್ತದೆ. ಎರಡನೆಯದರಲ್ಲಿ ಹೆಸರು ಹಿಂದುಮುಂದಾದರೂ ಬಸ್ಸು ಹತ್ತುವವರು ಅವರಿಬ್ಬರೇ. ಹಾಗಾಗಿ ಮೊದಲ ಉತ್ತರ 8 × 7 = 56. ಎರಡನೆಯದರಲ್ಲಿ ಈ 56ರೊಳಗೆ ಪ್ರತಿ ಜೋಡಿಯೂ ಎರಡೆರಡು ಸಲ ಕುಳಿತಿದೆ, ಆದ್ದರಿಂದ 28.

ಮಾಡಬೇಕಾದ ಪರೀಕ್ಷೆ ಇಷ್ಟೇ. ಸೂತ್ರಕ್ಕೆ ಕೈಹಾಕುವ ಮೊದಲು ಒಂದೇ ಒಂದು ಉತ್ತರವನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಅದರಲ್ಲಿರುವ ಎರಡನ್ನು ಅದಲುಬದಲು ಮಾಡಬೇಕು. ಬಂದದ್ದು ಪ್ರಶ್ನೆ ಕೇಳಿದವರ ಕಣ್ಣಿನಲ್ಲಿ ಹೊಸ ಉತ್ತರವೇ, ಹಳೆಯದೇ, ಅಥವಾ ಉತ್ತರವೇ ಅಲ್ಲವೇ ಎಂದು ನೋಡಬೇಕು.

ಆ ಮೂರನೆಯ ಸಾಧ್ಯತೆಯನ್ನು ಹೆಚ್ಚಿನವರು ಮರೆಯುತ್ತಾರೆ. ಈ ಲೆಕ್ಕ ನೋಡಿ: ಎಡದಿಂದ ಬಲಕ್ಕೆ ಹೋದಂತೆ ಅಂಕಿಗಳು ಏರುತ್ತಲೇ ಹೋಗುವ ಮೂರಂಕಿಯ ಸಂಖ್ಯೆಗಳು ಎಷ್ಟು? 258 ಅಂಥದ್ದು, 285 ಅಲ್ಲ. ಸಂಖ್ಯೆಯಲ್ಲಿ ಅಂಕಿಗಳ ಸ್ಥಾನ ಮುಖ್ಯವಲ್ಲವೇ, ಹಾಗಾಗಿ ಇದು ಕ್ರಮಯೋಜನೆಯೇ ಇರಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ 258ರಲ್ಲಿ ಯಾವ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೂ ನಿಯಮ ಮುರಿಯುತ್ತದೆ. 2, 5, 8 ಎಂದು ಆರಿಸಿದ ಮೇಲೆ ಅವನ್ನು ಬರೆಯಲು ಇರುವುದು ಒಂದೇ ದಾರಿ. ಕ್ರಮ ಕಣ್ಣಿಗೆ ಕಾಣುತ್ತದೆ, ಆದರೆ ಅದರಲ್ಲಿ ನಮಗೆ ಆಯ್ಕೆಯಿಲ್ಲ. ಸೊನ್ನೆ ಮೊದಲು ಬರುವಂತಿಲ್ಲ, ಏರುವ ಸಾಲಿನಲ್ಲಿ ನಡುವೆ ಬರಲೂ ಸಾಧ್ಯವಿಲ್ಲ. ಹೀಗಾಗಿ 1ರಿಂದ 9ರವರೆಗಿನ ಅಂಕಿಗಳಿಂದ ಮೂರನ್ನು ಆರಿಸಿದರೆ ಮುಗಿಯಿತು: (9 × 8 × 7) ÷ 6 = 84.

ಈ 84 ಸರಿಯೇ ಎಂದು ತಿಳಿಯಲು ಎಲ್ಲವನ್ನೂ ಬರೆಯುವ ಅಗತ್ಯವಿಲ್ಲ. ಲೆಕ್ಕವನ್ನೇ ಚಿಕ್ಕದು ಮಾಡಿ. 1ರಿಂದ 4ರವರೆಗಿನ ಅಂಕಿಗಳು ಮಾತ್ರ, ಸಂಖ್ಯೆಗೆ ಎರಡೇ ಅಂಕಿ. ಆಗ 12, 13, 14, 23, 24, 34. ಒಟ್ಟು ಆರು. ನಮ್ಮ ವಿಧಾನ ಹೇಳುವುದೂ (4 × 3) ÷ 2 = 6. ಕ್ರಮಯೋಜನೆ ಎಂದು ಹಿಡಿದಿದ್ದರೆ 12 ಬರಬೇಕಿತ್ತು.

ಪಟ್ಟಿ ಬರೆಯುವುದಕ್ಕೂ ಒಂದು ಶಿಸ್ತು ಬೇಕು. ನೆನಪಾದಂತೆ ಬರೆಯುತ್ತಾ ಹೋದರೆ ಒಂದು ಬಿಟ್ಟುಹೋಗುತ್ತದೆ, ಇನ್ನೊಂದು ಎರಡು ಸಲ ಬರುತ್ತದೆ. ಆಗ ತಪ್ಪಿರುವುದು ಸೂತ್ರವೋ ಪಟ್ಟಿಯೋ ಗೊತ್ತಾಗುವುದಿಲ್ಲ. ವಸ್ತುಗಳಿಗೆ ಮೊದಲೇ ಒಂದು ಸಾಲು ಗೊತ್ತುಮಾಡಿಕೊಂಡು, ಕ್ರಮ ಮುಖ್ಯವಲ್ಲದ ಕಡೆ ಯಾವಾಗಲೂ ಮುಂದಿನದನ್ನು ಮಾತ್ರ ಸೇರಿಸಬೇಕು, ಹಿಂದಕ್ಕೆ ಹೋಗಬಾರದು.

ಇದಕ್ಕೆ ನಮ್ಮ ನೆಲದ್ದೇ ಒಂದು ಹಳೆಯ ಉದಾಹರಣೆ ಇದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರೂ ಸೇರುವವರೆಗೆ ಬೆರೆಸಿದರೆ ಎಷ್ಟು ಬಗೆಯ ರುಚಿಗಳಾಗುತ್ತವೆ? ಸುಶ್ರುತ ಸಂಹಿತೆ 63 ಎಂದು ಎಣಿಸಿದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯರು ತಮ್ಮ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಲೆಕ್ಕಕ್ಕೆ ಎಷ್ಟು ವಸ್ತುಗಳಿದ್ದರೂ ಹೊಂದುವ ನಿಯಮವನ್ನೇ ಕೊಟ್ಟು, ರಸಗಳ ಲೆಕ್ಕವನ್ನೂ ಕೇಳಿದರು. ನಿಯಮ ಹೀಗಿದೆ: ಮೇಲಿನ ಸಾಲಿನಲ್ಲಿ 1ರಿಂದ 6ರವರೆಗೆ, ಕೆಳಗಿನ ಸಾಲಿನಲ್ಲಿ ಅದನ್ನೇ ತಿರುಗಿಸಿ 6ರಿಂದ 1ರವರೆಗೆ ಬರೆಯಿರಿ. ಎಷ್ಟು ರಸ ಸೇರಿಸಬೇಕೋ ಅಷ್ಟು ಅಂಕಿಗಳನ್ನು ಬಲಗಡೆಯಿಂದ ತೆಗೆದುಕೊಂಡು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಿ.

ಎರಡು ರಸಗಳಿಗೆ (6 × 5) ÷ (1 × 2) = 15. ಪಟ್ಟಿ ಮಾಡಿ ನೋಡಿದರೆ ಸಿಹಿಯ ಜೊತೆ ಮುಂದಿನ ಐದು, ಹುಳಿಯ ಜೊತೆ ಅದರ ಮುಂದಿನ ನಾಲ್ಕು, ಉಪ್ಪಿಗೆ ಮೂರು, ಖಾರಕ್ಕೆ ಎರಡು, ಕಹಿಗೆ ಒಂದು. ಒಟ್ಟು 15. ಹುಳಿಯ ಸರದಿ ಬಂದಾಗ ಸಿಹಿಯ ಕಡೆ ತಿರುಗಿ ನೋಡಲಿಲ್ಲ, ಏಕೆಂದರೆ ಸಿಹಿಹುಳಿ ಆಗಲೇ ಬರೆದಾಗಿದೆ. ಮೂರು ರಸಗಳಿಗೆ 20, ನಾಲ್ಕಕ್ಕೆ 15, ಐದಕ್ಕೆ 6, ಆರಕ್ಕೆ 1, ಒಂದೊಂದೇ ಆದರೆ 6. ಕೂಡಿದರೆ 63. ಕೆಳಗಿನ ಗುಣಲಬ್ಧದಿಂದ ಭಾಗಿಸುವುದು ಏಕೆಂಬುದೂ ಇಲ್ಲೇ ಸ್ಪಷ್ಟವಾಗುತ್ತದೆ. ಸಿಹಿ, ಹುಳಿ, ಉಪ್ಪು ಈ ಮೂರನ್ನು ಪಾತ್ರೆಗೆ ಹಾಕುವ ಸರದಿ ಆರು ರೀತಿ ಇರಬಹುದು, ಆದರೆ ಕದಡಿದ ಮೇಲೆ ರುಚಿ ಒಂದೇ. 6 × 5 × 4 = 120 ಎಂಬುದು ಸರದಿಗಳ ಎಣಿಕೆ, ಅದನ್ನು ಆರರಿಂದ ಭಾಗಿಸಿದಾಗ ಬರುವ 20 ರುಚಿಗಳ ಎಣಿಕೆ.

ಇನ್ನು ಅಭ್ಯಾಸ ಹಾಳೆಯಲ್ಲಿ ಜಾಣ ಮಕ್ಕಳೂ ಎಡವುವ ಲೆಕ್ಕಕ್ಕೆ ಬರೋಣ. ನಾಲ್ವರು ಮಹಿಳೆಯರು, ಐವರು ಪುರುಷರು ಇದ್ದಾರೆ. ಮೂವರ ಸಮಿತಿ ಮಾಡಬೇಕು, ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಎಷ್ಟು ರೀತಿ?

ಹೆಚ್ಚಿನವರು ಹೀಗೆ ಯೋಚಿಸುತ್ತಾರೆ: ಮೊದಲು ಒಬ್ಬ ಮಹಿಳೆಯನ್ನು ಖಚಿತಪಡಿಸಿಕೊಳ್ಳೋಣ, ಅದಕ್ಕೆ 4 ದಾರಿ. ಉಳಿದ ಎಂಟು ಜನರಲ್ಲಿ ಯಾರಾದರೂ ಇಬ್ಬರು, ಅದಕ್ಕೆ 28 ದಾರಿ. 4 × 28 = 112. ಓದಿದರೆ ಎಲ್ಲಿಯೂ ತಪ್ಪಿದಂತೆ ಕಾಣುವುದಿಲ್ಲ. ಆದರೆ ಯಾವ ಷರತ್ತೂ ಇಲ್ಲದೆ ಒಂಬತ್ತು ಜನರಿಂದ ಮೂವರನ್ನು ಆರಿಸುವ ರೀತಿಗಳೇ 84. ಷರತ್ತು ಹಾಕಿದ ಮೇಲೆ ಸಂಖ್ಯೆ ಹೆಚ್ಚಾಗುವುದುಂಟೇ? ಈ ಹೋಲಿಕೆ ಮಾಡದವರು 112 ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ.

ತಪ್ಪು ಎಲ್ಲಿದೆ ಎಂದು ತೋರಿಸಿಕೊಡುವುದು ಚಿಕ್ಕ ಪಟ್ಟಿಯೇ. ಲಲಿತಾ, ಸರೋಜಾ ಇಬ್ಬರು ಮಹಿಳೆಯರು, ರಾಮಣ್ಣ, ಮಂಜಣ್ಣ ಇಬ್ಬರು ಪುರುಷರು, ಸಮಿತಿಗೆ ಇಬ್ಬರು ಸಾಕು ಎಂದುಕೊಳ್ಳಿ. ಅದೇ ವಿಧಾನದಲ್ಲಿ 2 × 3 = 6. ಆ ವಿಧಾನ ಹೇಳಿದ ದಾರಿಯಲ್ಲೇ ಬರೆಯುತ್ತಾ ಹೋಗಿ. ಲಲಿತಾಳನ್ನು ಖಚಿತಪಡಿಸಿಕೊಂಡರೆ ಅವಳೊಂದಿಗೆ ಸರೋಜಾ, ಇಲ್ಲವೇ ರಾಮಣ್ಣ, ಇಲ್ಲವೇ ಮಂಜಣ್ಣ. ಸರೋಜಾಳನ್ನು ಖಚಿತಪಡಿಸಿಕೊಂಡರೆ ಅವಳೊಂದಿಗೆ ಲಲಿತಾ, ಇಲ್ಲವೇ ರಾಮಣ್ಣ, ಇಲ್ಲವೇ ಮಂಜಣ್ಣ. ಲಲಿತಾ ಮತ್ತು ಸರೋಜಾ ಇರುವ ಸಮಿತಿ ಎರಡು ಸಲ ಬಂದಿದೆ. ನಿಜವಾಗಿ ಇರುವುದು ಐದೇ. ‘ಮೊದಲು’ ಒಬ್ಬಳು, ‘ಆಮೇಲೆ’ ಉಳಿದವರು ಎಂದು ಹೇಳಿದಾಗಲೇ, ಸಮಿತಿಯಲ್ಲಿ ಇಲ್ಲದ ಒಂದು ಕ್ರಮವನ್ನು ನಾವು ಒಳಗೆ ತಂದುಬಿಟ್ಟಿದ್ದೆವು.

ಈಗ ದೊಡ್ಡ ಲೆಕ್ಕದ 112ನ್ನೂ ಬಿಡಿಸಿ ನೋಡಬಹುದು. ಒಬ್ಬಳೇ ಮಹಿಳೆ ಇರುವ ಸಮಿತಿಗಳು 40, ಇವು ಒಂದೇ ಸಲ ಎಣಿಕೆಗೆ ಬಂದಿವೆ. ಇಬ್ಬರು ಇರುವವು 30, ಎರಡೆರಡು ಸಲ ಬಂದು 60 ಆಗಿವೆ. ಮೂವರೂ ಮಹಿಳೆಯರೇ ಆದವು 4, ಮೂರು ಮೂರು ಸಲ ಬಂದು 12 ಆಗಿವೆ. 40, 60, 12 ಕೂಡಿದರೆ 112. ಸರಿಯಾದ ಉತ್ತರ 40 + 30 + 4 = 74. ಬೇರೆ ದಾರಿಯಿಂದಲೂ ನೋಡಬಹುದು: ಒಟ್ಟು 84ರಲ್ಲಿ ಪುರುಷರು ಮಾತ್ರ ಇರುವ 10 ಸಮಿತಿಗಳನ್ನು ಕಳೆದರೆ 74.

ಚಿಕ್ಕ ಪಟ್ಟಿ ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೇಲಿನ ಪರೀಕ್ಷೆಯನ್ನು ಒಬ್ಬಳೇ ಮಹಿಳೆ, ಮೂವರು ಪುರುಷರು ಎಂದು ಮಾಡಿದ್ದರೆ ತಪ್ಪು ವಿಧಾನವೂ 1 × 3 = 3 ಎಂದು ಸರಿಯುತ್ತರವನ್ನೇ ಕೊಡುತ್ತಿತ್ತು. ಇಬ್ಬರು ಮಹಿಳೆಯರಿದ್ದರೆ ತಾನೇ ಒಂದೇ ಸಮಿತಿ ಎರಡು ಸಲ ಎಣಿಕೆಗೆ ಬರುವುದು? ಹಾಗೆಯೇ ಒಂದೇ ವಸ್ತುವನ್ನು ಆರಿಸುವ ಲೆಕ್ಕ ತೆಗೆದುಕೊಂಡರೆ ಕ್ರಮಯೋಜನೆ, ವಿಕಲ್ಪ ಎರಡೂ ಒಂದೇ ಉತ್ತರ ಕೊಡುತ್ತವೆ. ನಾಲ್ಕರಲ್ಲಿ ಮೂರನ್ನು ಸಾಲಾಗಿ ಇಟ್ಟರೂ 24, ನಾಲ್ಕನ್ನೂ ಇಟ್ಟರೂ 24. ಚಿಕ್ಕ ಲೆಕ್ಕ ಎಷ್ಟೇ ಚಿಕ್ಕದಿರಲಿ, ನಾವು ಅನುಮಾನಪಡುವ ತಪ್ಪು ನಡೆಯಲು ಅದರಲ್ಲಿ ಜಾಗವಿರಬೇಕು. ಮೊದಲ ಪರೀಕ್ಷೆಗೆ ನಾಲ್ಕರಿಂದ ಎರಡನ್ನು ತೆಗೆದುಕೊಳ್ಳುವುದು ನನಗೆ ಇಷ್ಟ. ಪಟ್ಟಿ ಪುಟದ ಮೂಲೆಯಲ್ಲಿ ಹಿಡಿಸುತ್ತದೆ, 6 ಮತ್ತು 12 ಬೇರೆಬೇರೆಯಾಗಿ ನಿಲ್ಲುತ್ತವೆ.

ಗುಂಪು ಮಾಡುವ ಲೆಕ್ಕಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಒಂಬತ್ತು ವಿದ್ಯಾರ್ಥಿಗಳನ್ನು ಮೂವರಂತೆ ಮೂರು ಗುಂಪು ಮಾಡಿ ಎಂಬ ಪ್ರಶ್ನೆಗೆ 84 × 20 × 1 = 1680 ಎಂದು ಬರೆಯುವವರು, ಗುಂಪಿನೊಳಗೆ ಕ್ರಮವಿಲ್ಲ ಎಂಬುದನ್ನು ಸರಿಯಾಗಿಯೇ ನೋಡಿರುತ್ತಾರೆ. ಗುಂಪುಗಳ ನಡುವೆ ಕ್ರಮವಿದೆಯೇ ಎಂದು ಕೇಳಿಕೊಂಡಿರುವುದಿಲ್ಲ. ಒಂದು ಗುಂಪು ನೀರು ಹಾಕುವುದು, ಇನ್ನೊಂದು ಕಸ ಗುಡಿಸುವುದು, ಮತ್ತೊಂದು ಗಿಡ ನೆಡುವುದು ಎಂದಿದ್ದರೆ ಎರಡು ಗುಂಪುಗಳನ್ನು ಅದಲುಬದಲು ಮಾಡಿದಾಗ ಕೆಲಸ ಬದಲಾಗುತ್ತದೆ, 1680 ಸರಿ. ಕೆಲಸ ಹಂಚದೆ ಬರೀ ಗುಂಪು ಮಾಡುವುದಾದರೆ ಮೂರು ಗುಂಪುಗಳನ್ನು ಹೇಳುವ ಆರು ಸರದಿಗಳೂ ಒಂದೇ, ಆದ್ದರಿಂದ 1680 ÷ 6 = 280.

ಇದನ್ನು ಪರೀಕ್ಷಿಸಲು ಮೂವರನ್ನು ಇಬ್ಬರು ಮತ್ತು ಒಬ್ಬ ಎಂದು ಒಡೆದರೆ ಪ್ರಯೋಜನವಿಲ್ಲ, ಗುಂಪುಗಳ ಗಾತ್ರವೇ ಬೇರೆ, ಅದಲುಬದಲಿಗೆ ಅವಕಾಶವಿಲ್ಲ. ನಾಲ್ವರನ್ನು ಎರಡು ಜೋಡಿ ಮಾಡಿ ನೋಡಿ. ಅ, ಆ, ಇ, ಈ ಎಂಬ ನಾಲ್ವರಲ್ಲಿ ಅ ಯಾರೊಂದಿಗೆ ಸೇರುತ್ತಾನೆ ಎಂಬುದು ಗೊತ್ತಾದರೆ ಇನ್ನೊಂದು ಜೋಡಿ ತಾನಾಗಿಯೇ ಗೊತ್ತಾಗುತ್ತದೆ: ಅಆ–ಇಈ, ಅಇ–ಆಈ, ಅಈ–ಆಇ. ಮೂರೇ. ಗುಂಪುಗಳ ಕ್ರಮವನ್ನು ಮರೆತು ಗುಣಿಸಿದರೆ 6 × 1 = 6 ಬರುತ್ತಿತ್ತು. ಮೂರು ಗುಂಪುಗಳ ಪರೀಕ್ಷೆಯೂ ಬೇಕೆನಿಸಿದರೆ ಆರು ಜನರನ್ನು ಮೂರು ಜೋಡಿ ಮಾಡಿ. ಮೊದಲನೆಯವನಿಗೆ ಜೊತೆಗಾರ ಐದು ರೀತಿ, ಉಳಿದ ನಾಲ್ವರಿಗೆ ಈಗಷ್ಟೇ ಬರೆದ ಮೂರು ರೀತಿ, ಒಟ್ಟು 15. ಸೂತ್ರದ ದಾರಿಯಲ್ಲಿ 15 × 6 × 1 = 90, ಅದನ್ನು ಆರರಿಂದ ಭಾಗಿಸಿದರೂ 15.