ಬೆರಕೆಯ ಲೆಕ್ಕ, ಇಳುವರಿಯ ಲೆಕ್ಕ

ಹಾಲು ಮಹಾಮಂಡಳಿಯದಾಗಲಿ ಖಾಸಗಿಯವರದಾಗಲಿ, ಪಶು ಆಹಾರದ ಕಾರ್ಖಾನೆಯೊಳಕ್ಕೆ ಕಾಲಿಟ್ಟವನಿಗೆ ಮೊದಲು ಎದುರಾಗುವುದು ಹಿಟ್ಟಿನ ಧೂಳು ಮತ್ತು ಹಿಂಡಿಯ ವಾಸನೆ. ಅದರ ಲೆಕ್ಕದ ಕೋಣೆಯಲ್ಲಿ ದಿನದಿನವೂ ನಡೆಯುವ ಒಂದು ಸೂಕ್ಷ್ಮ ವಿಚಾರಣೆಯಾದರೋ ಹೊರಗಿನವರ ಕಣ್ಣಿಗೆ ಬೀಳುವುದು ಅಪೂರ್ವ. ಹಲವು ಪದಾರ್ಥಗಳನ್ನು ಬೆರೆಸಿ ಒಂದನ್ನು ಮಾಡುವ ಉದ್ಯಮದಲ್ಲಿ, ಖರ್ಚು ಹೆಚ್ಚಿತೆಂದರೆ ಅದು ಬೆರಕೆ ಬದಲಾದುದರಿಂದಲೋ ಅಥವಾ ಹಾಕಿದಷ್ಟು ಮಾಲು ಹೊರಬಾರದುದರಿಂದಲೋ ಎಂದು ಬೇರ್ಪಡಿಸಿ ನೋಡುವುದೇ ಆ ವಿಚಾರಣೆ. ಮೊದಲನೆಯದಕ್ಕೆ ಮಿಶ್ರಣ ವ್ಯತ್ಯಾಸವೆಂದೂ ಎರಡನೆಯದಕ್ಕೆ ಇಳುವರಿ ವ್ಯತ್ಯಾಸವೆಂದೂ ಹೆಸರು.

ವಿಷಯ ಸ್ಪಷ್ಟವಾಗಲೆಂದು ಮೂರೇ ಪದಾರ್ಥಗಳ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಗದಿಯಾದ ಸೂತ್ರದಂತೆ ಸಾವಿರ ಕಿಲೋ ಬೆರಕೆಗೆ ಕಿಲೋಗೆ 26 ರೂಪಾಯಿಯ ಮೆಕ್ಕೆಜೋಳ 400 ಕಿಲೋ, 16 ರೂಪಾಯಿಯ ಎಣ್ಣೆ ತೆಗೆದ ತೌಡು 350 ಕಿಲೋ, 34 ರೂಪಾಯಿಯ ಹತ್ತಿಕಾಳಿನ ಹಿಂಡಿ 250 ಕಿಲೋ ಬೀಳಬೇಕು. ಒಟ್ಟು ವೆಚ್ಚ 24,500 ರೂಪಾಯಿ. ಅರೆಯುವಾಗ ಆರುವ ತೇವವನ್ನೂ ಹಾರುವ ಧೂಳನ್ನೂ ಕಳೆದು 980 ಕಿಲೋ ಆಹಾರ ಕೈಗೆ ಬರುವುದು ವಾಡಿಕೆಯಾದುದರಿಂದ, ಸಿದ್ಧವಾದ ಮಾಲಿನ ಬೆಲೆ ಕಿಲೋಗೆ 25 ರೂಪಾಯಿ ಬೀಳುತ್ತದೆ.

ಒಂದು ದಿನ ಹತ್ತು ಸಾವಿರ ಕಿಲೋ ಬೆರಕೆ ಯಂತ್ರಕ್ಕೆ ಹೋಯಿತೆನ್ನಿ. ಅಂದು ಹಿಂಡಿಯ ದಾಸ್ತಾನು ಸಾಲದೆ ಹೋದುದರಿಂದ ಮೆಕ್ಕೆಜೋಳ 3,900, ತೌಡು 3,800, ಹಿಂಡಿ 2,300 ಕಿಲೋ ಬಿದ್ದವು. ಮಾರುಕಟ್ಟೆಯ ಏರಿಳಿತದ ಹೊಣೆ ಬೆರೆಸಿದವನದಲ್ಲವಾದುದರಿಂದ, ಇವನ್ನು ಅಂದಿನ ಪೇಟೆಯ ದರದಲ್ಲಿ ಬೆಲೆ ಕಟ್ಟದೆ ನಿಗದಿಯ ದರದಲ್ಲಿಯೇ ಕಟ್ಟಬೇಕು. ಹಾಗೆ ಕಟ್ಟಿದರೆ ಆಗುವುದು 2,40,400 ರೂಪಾಯಿ; ಸೂತ್ರದಂತೆ ಬೆರೆಸಿದ್ದರೆ ಆಗುತ್ತಿದ್ದುದು 2,45,000. ಎಂದರೆ ಬೆರಕೆಯಲ್ಲಿ 4,600 ರೂಪಾಯಿಯ ಉಳಿತಾಯ. ಇಷ್ಟನ್ನೇ ನೋಡಿದವರು ತೌಡು ಹೆಚ್ಚಿಸಿದವನನ್ನು ಹೊಗಳಿ ಮುಂದೆ ಸಾಗುವುದುಂಟು.

ಆದರೆ ಅಂದು ಸಂಜೆ ಚೀಲಕ್ಕೆ ತುಂಬಿದ ಆಹಾರ 9,800ರ ಬದಲಾಗಿ 9,600 ಕಿಲೋ ಮಾತ್ರ. ಕೊರತೆಯಾದ 200 ಕಿಲೋಗೆ 25 ರೂಪಾಯಿಯಂತೆ ಇಳುವರಿಯಲ್ಲಿ 5,000 ರೂಪಾಯಿಯ ನಷ್ಟ. ಎರಡನ್ನೂ ಕೂಡಿಸಿದರೆ ಉಳಿತಾಯವೆಲ್ಲ ಕರಗಿ, ಮೇಲೆ 400 ರೂಪಾಯಿ ಕೈಬಿಟ್ಟಿದೆ.

ಇಲ್ಲಿ ಇಳುವರಿಯ ನಷ್ಟವನ್ನು ಯಂತ್ರದ ಬಳಿ ನಿಂತವನ ತಲೆಗೆ ಕಟ್ಟುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ. ಹಬೆಯ ಶಾಖಕ್ಕೆ ಮೆಕ್ಕೆಜೋಳದ ಪಿಷ್ಟ ಬೆಂದು ಅಂಟಾಗಿ, ಹಿಂಡಿಯ ಸಸಾರಜನಕವೂ ಮೆತ್ತಗಾಗಿ, ಅಚ್ಚಿನ ರಂಧ್ರಗಳಿಂದ ಹೊರಬರುವ ಪೆಲೆಟ್ಟುಗಳು ಗಟ್ಟಿಯಾಗಿ ನಿಲ್ಲುವುವು. ಹಗುರವೂ ನಯವೂ ಆದ ತೌಡಿನ ಪಾಲು ಹೆಚ್ಚಿದಂತೆಲ್ಲ ಆ ಅಂಟು ತಗ್ಗಿ, ತಣಿಸುವಾಗಲೂ ಜರಡಿಯಲ್ಲಿಯೂ ಅವು ಉದುರಿ ಪುಡಿಯಾಗುವುವು. ಪುಡಿಯ ಬಹುಭಾಗ ಮರಳಿ ಅಚ್ಚಿಗೆ ಹೋಗುವುದಾದರೂ, ಹಾರಿದ ಧೂಳೂ ನೆಲದ ಮೇಲೆ ಒದ್ದೆಯಾಗಿ ಕೆಟ್ಟುದೂ ಮರಳಿ ಬರುವುದಿಲ್ಲ. ಉಳಿತಾಯವನ್ನು ತಂದ ತೌಡೇ ನಷ್ಟವನ್ನೂ ತಂದಿರುವಾಗ, ಒಂದರ ಕೀರ್ತಿಯನ್ನು ತೌಡು ಹೆಚ್ಚಿಸಿದವನಿಗೂ ಇನ್ನೊಂದರ ಅಪಕೀರ್ತಿಯನ್ನು ಯಂತ್ರದವನಿಗೂ ಹಂಚುವುದು ಹೇಗೆ ಸಲ್ಲುತ್ತದೆ? ಹಾಗೆಯೇ, ಮರಳಿ ಹಾಕಿದ ಪುಡಿಯನ್ನು ಹೊಸ ಸಾಮಗ್ರಿಯೆಂದು ಎರಡನೆಯ ಸಲ ಬರೆದುಕೊಂಡರೆ ಇಲ್ಲದ ನಷ್ಟವೂ ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆಂಬುದನ್ನು ನೆನಪಿಡತಕ್ಕದ್ದು.

ಇದಕ್ಕಿಂತ ಗೂಢವಾದ ಮೋಸ ನೀರಿನದು. ಇಳುವರಿಯನ್ನು ಅಳೆಯುವುದು ತೂಕದಿಂದ. ತೂಕದೊಳಗೆ ಹಬೆಯಿಂದ ಬಂದ ತೇವವೂ ಸೇರಿರುತ್ತದೆ. ನಮ್ಮ 9,600 ಕಿಲೋ ಆಹಾರದಲ್ಲಿ ನೂರಕ್ಕೆ 10 ಪಾಲು ತೇವವಿದ್ದರೆ ಒಣಪದಾರ್ಥ 8,640 ಕಿಲೋ. ಅದೇ ಒಣಪದಾರ್ಥವನ್ನು ಸರಿಯಾಗಿ ತಣಿಸಿ ಆರಿಸದೆ ನೂರಕ್ಕೆ 12 ಪಾಲು ತೇವದಲ್ಲಿ ಚೀಲಕ್ಕೆ ತುಂಬಿದರೆ ತೂಕ 9,818 ಕಿಲೋ ಆಗಿ, ಇಳುವರಿ ನಿಗದಿಯನ್ನೂ ಮೀರಿದಂತೆ ಕಾಣುತ್ತದೆ. ಒಂದು ಹಿಡಿ ಆಹಾರವೂ ಹೆಚ್ಚಾಗಿರುವುದಿಲ್ಲ. ಭಾರತೀಯ ಮಾನಕವು ಪಶು ಆಹಾರದ ತೇವಕ್ಕೆ ನೂರಕ್ಕೆ 11ರ ಮಿತಿಯನ್ನು ಇಟ್ಟಿರುವುದು ಸಕಾರಣವಾಗಿದೆ: ತೇವದ ಚೀಲದಲ್ಲಿ ಬೂಷ್ಟು ಬೆಳೆಯುವುದು, ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುವುವು, ಆ ವಿಷದ ಒಂದಂಶ ಹಸುವಿನ ಹಾಲಿಗೂ ಇಳಿಯುವುದು.

ಆದಕಾರಣ ಇಂತಹ ಕಾರ್ಖಾನೆಗಳ ಲೆಕ್ಕಿಗರಲ್ಲಿ ನನ್ನದೊಂದು ವಿನಂತಿ: ಮಿಶ್ರಣ ವ್ಯತ್ಯಾಸವನ್ನೂ ಇಳುವರಿ ವ್ಯತ್ಯಾಸವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಅವುಗಳ ಪಕ್ಕದಲ್ಲಿಯೇ ಪ್ರಯೋಗಶಾಲೆಯಿಂದ ಬಂದ ತೇವಾಂಶ ಮತ್ತು ಸಸಾರಜನಕದ ಅಂಕಿಗಳಿಗೂ ಒಂದೊಂದು ಅಂಕಣವನ್ನು ಬಿಡಿರಿ.