ಕಟ್ಟಡ ಕೆಡವುವ ಮೊದಲಿನ ನೋಟಿಸು

ಮುಂಬಯಿಯ ಸಹಕಾರಿ ಸೊಸೈಟಿಯೊಂದು ತನ್ನ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿಸಬೇಕಾದರೆ, ಮಹಾರಾಷ್ಟ್ರ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಆದೇಶದ ಕ್ರಮ ಹಿಡಿಯುವುದು ರೂಢಿ. 1960ರ ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಬಂದದ್ದರಿಂದ ಇದನ್ನು ಸೊಸೈಟಿಗಳ ಮಂದಿ '79ಎ' ಎಂದೇ ಕರೆಯುತ್ತಾರೆ. ಇದು ಮಾರ್ಗದರ್ಶನ ಸ್ವರೂಪದ್ದು ಎಂದು ಬಾಂಬೆ ಹೈಕೋರ್ಟ್ ಹೇಳಿದ್ದುಂಟು. ಹಾಗಿದ್ದರೂ ತಕರಾರು ಎದ್ದಾಗ ಎದುರು ಪಕ್ಷದ ವಕೀಲರು ಮೊದಲು ಕೇಳುವ ಕಾಗದ ಸಭೆಯ ನೋಟಿಸೇ.

ಮೂವತ್ತು ಮನೆಗಳ, ಮೂವತ್ತು ಸದಸ್ಯರ ಒಂದು ಸೊಸೈಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಒಟ್ಟು ಸದಸ್ಯರಲ್ಲಿ ಐದನೇ ಒಂದು ಭಾಗ, ಅಂದರೆ ಆರು ಮಂದಿ, ಸಹಿ ಹಾಕಿ ಅರ್ಜಿ ಕೊಟ್ಟರೆ ಕಾರ್ಯಕಾರಿ ಸಮಿತಿ ವಿಶೇಷ ಸಾಮಾನ್ಯ ಸಭೆ ಕರೆಯಬೇಕು. ನೋಟಿಸು 14 ದಿನ ಮೊದಲೇ ಪ್ರತಿಯೊಬ್ಬ ಸದಸ್ಯರ ಕೈ ಸೇರಿ, ತಲುಪಿದ್ದಕ್ಕೆ ಸಹಿ ಸಿಕ್ಕಿರಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟು ಉಡುಪಿಯಲ್ಲೋ ದುಬೈಯಲ್ಲೋ ನೆಲೆಸಿದವರ ವಿಷಯದಲ್ಲೇ ಎಡವಟ್ಟಾಗುವುದು. ಬಾಡಿಗೆದಾರನ ಕೈಗೆ ಕೊಟ್ಟ ನೋಟಿಸು ಮಾಲೀಕನಿಗೆ ತಲುಪಿತು ಎಂದು ಸಾಧಿಸುವುದು ಕಷ್ಟ. ಸೊಸೈಟಿಯ ದಾಖಲೆಯಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಂಡರೆ ಆ ಚಿಂತೆಯಿಲ್ಲ.

ನೋಟಿಸಿನ ಜೀವ ಅದರ ವಿಷಯಪಟ್ಟಿಯಲ್ಲಿದೆ. ಮೊದಲ ಸಭೆಯ ಮುಂದಿರುವ ಪ್ರಶ್ನೆ ಒಂದೇ: ಕಟ್ಟಡವನ್ನು ಮರಳಿ ಕಟ್ಟಿಸಬೇಕೇ, ಬೇಡವೇ? ಹೌದಾದರೆ ಅದರ ಲಾಭನಷ್ಟ ಲೆಕ್ಕ ಹಾಕಿಕೊಡುವ ಆರ್ಕಿಟೆಕ್ಟ್ ಅಥವಾ ಯೋಜನಾ ಸಲಹೆಗಾರರನ್ನು ನೇಮಿಸಬೇಕು. ಬಿಲ್ಡರಿನ ಹೆಸರು ಇಲ್ಲಿ ಸುಳಿಯಲೇಬಾರದು. 'ಪುನರಾಭಿವೃದ್ಧಿ ಕುರಿತು ಚರ್ಚೆ' ಎಂದಷ್ಟೇ ಬರೆದ ನೋಟಿಸು ಎಷ್ಟೋ ಕಡೆ ಕಾಣಸಿಗುತ್ತದೆ. ಚರ್ಚೆಗೆಂದು ಕರೆದ ಸಭೆಯಲ್ಲಿ ನಿರ್ಧಾರ ಮಾಡಿದರೆ, 'ನಿರ್ಧಾರವಿದೆ ಎಂದು ಗೊತ್ತಿದ್ದರೆ ನಾನೂ ಬರುತ್ತಿದ್ದೆ' ಎಂದು ಗೈರುಹಾಜರಾದವರು ಹೇಳುವ ಮಾತಿಗೆ ಉತ್ತರವಿರುವುದಿಲ್ಲ. 'ಅಧ್ಯಕ್ಷರ ಅನುಮತಿಯಿಂದ ಇತರ ವಿಷಯ' ಎಂಬ ಹಳೆಯ ಬಾಲಂಗೋಚಿಯನ್ನೂ ಈ ನೋಟಿಸಿನಲ್ಲಿ ಕತ್ತರಿಸಿಬಿಡುವುದು ಮೇಲು. ದೊಡ್ಡ ವಿಷಯಗಳು ನುಸುಳಿ ಬರುವುದು ಆ ಬಾಗಿಲಿನಿಂದಲೇ.

ಸರಿಯಾದ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: 'ಸೊಸೈಟಿಯ ವಿಶೇಷ ಸಾಮಾನ್ಯ ಸಭೆಯನ್ನು ಈ ಕೆಳಗಿನ ವಿಷಯಗಳನ್ನು ಪರಿಶೀಲಿಸಿ ನಿರ್ಧರಿಸಲು ಕರೆಯಲಾಗಿದೆ. ಒಂದು, ಕಟ್ಟಡದ ಸ್ಥಿತಿಗತಿಯ ವರದಿಯನ್ನು ಸಭೆಯ ಮುಂದಿಟ್ಟು, ದುರಸ್ತಿ ಮಾಡಿಸಬೇಕೇ ಅಥವಾ ಪುನರಾಭಿವೃದ್ಧಿ ಮಾಡಿಸಬೇಕೇ ಎಂಬ ಬಗ್ಗೆ ತಾತ್ವಿಕ ನಿರ್ಣಯ ಕೈಗೊಳ್ಳುವುದು. ಎರಡು, ಪುನರಾಭಿವೃದ್ಧಿಗೆ ಒಪ್ಪಿಗೆಯಾದಲ್ಲಿ, ಲಗತ್ತಿಸಿದ ಪಟ್ಟಿಯಿಂದ ಯೋಜನಾ ಸಲಹೆಗಾರರನ್ನು ಆರಿಸಿ ಸಂಭಾವನೆ ಗೊತ್ತುಪಡಿಸುವುದು. ಈ ಸಭೆಯಲ್ಲಿ ಯಾವುದೇ ಡೆವಲಪರ್ ಆಯ್ಕೆ ನಡೆಯುವುದಿಲ್ಲ. ಸದಸ್ಯರು ತಮ್ಮ ಸಲಹೆ, ಆಕ್ಷೇಪಣೆಗಳನ್ನು ಸಭೆಗೆ ಎಂಟು ದಿನ ಮೊದಲು ಲಿಖಿತವಾಗಿ ಕೊಡಬಹುದು.' ಇದರಲ್ಲಿ 'ದುರಸ್ತಿ' ಎಂಬ ಪದ ಇರುವುದು ಮುಖ್ಯ. ಸದಸ್ಯರ ಮುಂದೆ ಎರಡು ದಾರಿ ಇದ್ದವು, ಅವರು ತಿಳಿದೇ ಒಂದನ್ನು ಆರಿಸಿದರು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ಸಭೆಗೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಹಾಜರಿರಬೇಕು. ನಮ್ಮ ಸೊಸೈಟಿಗೆ ಅದು 20. ನಿರ್ಣಯಕ್ಕೆ ಬೇಕಾದ ಶೇ. 51ನ್ನು ಲೆಕ್ಕ ಹಾಕುವುದು ಒಟ್ಟು ಸದಸ್ಯರ ಮೇಲೆ, ಹಾಜರಿದ್ದವರ ಮೇಲಲ್ಲ. ಮೂವತ್ತಕ್ಕೆ ಶೇ. 51 ಅಂದರೆ 15.3, ಎಂದರೆ 16 ಮಂದಿ. ಇಪ್ಪತ್ತು ಮಂದಿ ಬಂದು ಹನ್ನೆರಡು ಮಂದಿ ಕೈ ಎತ್ತಿದರೆ ಬಹುಮತ ಬಂದಂತೆ ಕಂಡರೂ ನಿರ್ಣಯ ಬಿದ್ದುಹೋಯಿತು. ಸಹಕಾರ ಕಾಯ್ದೆಯಲ್ಲಿ ತನ್ನ ಬದಲು ಇನ್ನೊಬ್ಬರನ್ನು ಕಳಿಸಿ ಮತ ಹಾಕಿಸುವ ಹಾಗಿಲ್ಲ. ಆದ್ದರಿಂದ ನಡವಳಿಯಲ್ಲಿ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಮುಗಿಸದೆ, ಒಟ್ಟು ಎಷ್ಟು, ಹಾಜರಿ ಎಷ್ಟು, ಪರ ಎಷ್ಟು, ವಿರೋಧ ಎಷ್ಟು, ತಟಸ್ಥ ಎಷ್ಟು ಎಂದು ಸಂಖ್ಯೆಯಲ್ಲೇ ಬರೆಯಬೇಕು. ಸೂಚಿಸಿದವರ, ಅನುಮೋದಿಸಿದವರ ಹೆಸರಿನ ಜೊತೆ ಮನೆ ನಂಬರೂ ಇರಬೇಕು.

ಸಲಹೆಗಾರರ ವರದಿ ಬಂದು ಟೆಂಡರು ಮುಗಿದ ಮೇಲೆ ಡೆವಲಪರನ್ನು ಆರಿಸುವ ಸಭೆ ಬೇರೆಯೇ ನಡೆಯುತ್ತದೆ. ಅದಕ್ಕೆ ಸಹಕಾರ ರಿಜಿಸ್ಟ್ರಾರರ ಅಧಿಕಾರಿ ಬರುತ್ತಾರೆ, ಕಲಾಪದ ವಿಡಿಯೊ ಚಿತ್ರೀಕರಣವಾಗುತ್ತದೆ. ಸದಸ್ಯರಿಂದ ಲಿಖಿತ ಸಮ್ಮತಿ ಪಡೆಯುವುದು ಈ ಹಂತದಲ್ಲಿ; ಜಗಳ ಹುಟ್ಟುವುದೂ ಇಲ್ಲಿಯೇ. 'ಪುನರಾಭಿವೃದ್ಧಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ' ಎಂಬ ಒಂದು ಸಾಲಿನ ಚೀಟಿಗೆ ಸಹಿ ಹಾಕಿಸಿಕೊಳ್ಳುವುದು ಸುಲಭ. ಆದರೆ ಯಾವುದಕ್ಕೆ ಒಪ್ಪಿಗೆ ಎಂಬುದು ಅದರಲ್ಲಿ ಇಲ್ಲ.

450 ಚದರ ಅಡಿ ಕಾರ್ಪೆಟ್ ಇರುವ ಮನೆಗೆ 'ಶೇ. 40 ಹೆಚ್ಚುವರಿ' ಎಂದು ಬಾಯಿಮಾತಿನಲ್ಲಿ ಹೇಳಲಾಯಿತು ಎಂದಿಟ್ಟುಕೊಳ್ಳೋಣ. ಲೆಕ್ಕದಲ್ಲಿ ಅದು 630 ಚದರ ಅಡಿ. ಹಳೆಯ ಅಳತೆಯಲ್ಲಿ ಕಾರ್ಪೆಟ್ ಎಂದರೆ ಗೋಡೆಯಿಂದ ಗೋಡೆಗೆ ನಡುವಿನ ನೆಲ. 2016ರ ರೇರಾ ಕಾಯ್ದೆಯ ಕಾರ್ಪೆಟ್‌ನಲ್ಲಿ ಮನೆಯೊಳಗಿನ ಅಡ್ಡಗೋಡೆಗಳ ಜಾಗವೂ ಸೇರುತ್ತದೆ, ಬಾಲ್ಕನಿ ಸೇರುವುದಿಲ್ಲ. ಬಾಲ್ಕನಿಯನ್ನೂ ಒಳಗೆ ಹಾಕಿ 630 ಎಂದು ಎಣಿಸಿದರೆ ಕೋಣೆಗಳು ಇನ್ನಷ್ಟು ಕುಗ್ಗುತ್ತವೆ. ಹಾಗಾಗಿ ಸಮ್ಮತಿಪತ್ರದಲ್ಲಿ ಶೇಕಡಾವಾರಿನ ಬದಲು 'ರೇರಾ ವ್ಯಾಖ್ಯೆಯ ಪ್ರಕಾರ, ಬಾಲ್ಕನಿ ಹೊರತುಪಡಿಸಿ, 630 ಚದರ ಅಡಿ' ಎಂದು ಬರೆಸಬೇಕು. ಬಾಡಿಗೆ ಪರಿಹಾರಕ್ಕೂ ಇದೇ ಮಾತು ಸಲ್ಲುತ್ತದೆ: ತಿಂಗಳಿಗೆ ಎಷ್ಟು ಎನ್ನುವುದರ ಜೊತೆ, ಹೊಸ ಮನೆಯ ವಾಸಯೋಗ್ಯ ಪ್ರಮಾಣಪತ್ರ ಬಂದು ಕೀಲಿ ಕೈಗೆ ಸಿಗುವವರೆಗೂ ಅದು ನಡೆಯುತ್ತದೆ ಎಂದು ಇರಬೇಕು. '24 ತಿಂಗಳ ಬಾಡಿಗೆ' ಎಂದಷ್ಟೇ ಇದ್ದರೆ ಇಪ್ಪತ್ತೈದನೇ ತಿಂಗಳು ಸದಸ್ಯನ ಪಾಲಿಗೆ.

ಪತ್ರದ ಕೊನೆಯ ಷರತ್ತು ಎಲ್ಲಕ್ಕಿಂತ ಬೆಲೆಬಾಳುವಂಥದ್ದು: 'ಯೋಜನಾ ವೆಚ್ಚದ ಶೇ. 20ರ ಬ್ಯಾಂಕ್ ಗ್ಯಾರಂಟಿ ಸೊಸೈಟಿಯ ಹೆಸರಿಗೆ ಸಲ್ಲಿಕೆಯಾಗಿ, ಕಾನೂನುಬದ್ಧ ಮಂಜೂರಾತಿಗಳು ಬಂದು, ಅಭಿವೃದ್ಧಿ ಕರಾರು ನೋಂದಣಿಯಾದ ಮೇಲೆಯೇ ನಾನು ಮನೆ ತೆರವು ಮಾಡುತ್ತೇನೆ.' ಗ್ಯಾರಂಟಿಯ ಈ ಪ್ರಮಾಣ ಸರ್ಕಾರಿ ಆದೇಶದಲ್ಲೇ ಇದೆ. ಬಿಲ್ಡರುಗಳು ಮಾತುಕತೆಯಲ್ಲಿ ಇದನ್ನು ಇಳಿಸಲು ನೋಡುತ್ತಾರೆ. ಮನೆ ಖಾಲಿ ಮಾಡಿ ಕಾಮಗಾರಿ ನಿಂತುಹೋದಾಗ ಸೊಸೈಟಿಯ ಕೈಯಲ್ಲಿ ಉಳಿಯುವುದು ಅದೊಂದೇ.

ಒಪ್ಪದ ಕೆಲವರು ಉಳಿದೇ ಉಳಿಯುತ್ತಾರೆ. ಸೊಸೈಟಿಯ ಸದಸ್ಯನಾದವನು ಸೊಸೈಟಿಯ ನಿರ್ಣಯಕ್ಕೆ ಬದ್ಧ, ತಾನೊಬ್ಬನೇ ಬೇರೆ ನಿಂತು ಅಡ್ಡಿಪಡಿಸಲಾರ ಎಂಬುದು ಬಾಂಬೆ ಹೈಕೋರ್ಟ್ 2009ರಿಂದ ಹಿಡಿದುಕೊಂಡು ಬಂದ ನಿಲುವು. ಆದರೆ ಆ ಬಲ ಬರುವುದು ನಿರ್ಣಯ ಸರಿಯಾಗಿ ಆಗಿದ್ದರೆ ಮಾತ್ರ.

ಇದೇ ಮಾದರಿಯನ್ನು ಬೆಂಗಳೂರಿಗೆ ನಕಲು ಮಾಡಿದರೆ ಕೆಲಸ ಕೆಡುತ್ತದೆ. ಮುಂಬಯಿಯಲ್ಲಿ ಜಮೀನು ಸೊಸೈಟಿಯ ಹೆಸರಿನಲ್ಲಿರುತ್ತದೆ, ಇರಬೇಕು. ಬೆಂಗಳೂರಿನ ಬಹುಪಾಲು ಅಪಾರ್ಟ್‌ಮೆಂಟುಗಳಲ್ಲಿ ಜಮೀನಿನ ಅವಿಭಜಿತ ಹಕ್ಕು ಕ್ರಯಪತ್ರದ ಮೂಲಕ ಒಬ್ಬೊಬ್ಬ ಮಾಲೀಕರಿಗೂ ಸೇರಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯ ಸಂಘ ನಿರ್ವಹಣೆ ನೋಡಿಕೊಳ್ಳುತ್ತದೆಯೇ ಹೊರತು, ಯಾರದೋ ಪಾಲಿನ ನೆಲವನ್ನು ಬಹುಮತದಿಂದ ಬಿಲ್ಡರಿಗೆ ಬರೆದುಕೊಡಲಾರದು. ಅಲ್ಲಿಯ ನೋಟಿಸಿನಲ್ಲಿ 'ಈ ನಿರ್ಣಯ ಇಚ್ಛಾಸೂಚಕ ಮಾತ್ರ. ಕರಾರಿಗೆ ಪ್ರತಿಯೊಬ್ಬ ಮಾಲೀಕರೂ ಪ್ರತ್ಯೇಕವಾಗಿ ಸಹಿ ಮಾಡತಕ್ಕದ್ದು' ಎಂಬ ಸಾಲು ಇರಬೇಕು. ಗಂಡಹೆಂಡತಿ ಜಂಟಿಯಾಗಿ ಕೊಂಡಿದ್ದರೆ ಇಬ್ಬರದೂ ಸಹಿ, ತೀರಿಕೊಂಡವರ ಮನೆಯಾದರೆ ವಾರಸುದಾರರೆಲ್ಲರ ಸಹಿ, ಸಾಲವಿದ್ದರೆ ಬ್ಯಾಂಕಿನ ಅನುಮತಿ. ಮೂವತ್ತು ಮನೆಯ ಕಟ್ಟಡಕ್ಕೆ ಐವತ್ತು ಸಹಿ ಬೇಕಾದರೂ ಆಶ್ಚರ್ಯವಿಲ್ಲ. ಆ ಹೆಸರುಗಳ ಪಟ್ಟಿ ಸಿದ್ಧವಾದ ಮೇಲೆ ನೋಟಿಸು ಬರೆಯಲು ಕೂತರೆ ಸಾಕು.