ಟೈಗರನ ಸೊಂಟದ ಎಕ್ಸ್‌ರೇ

ಕಳೆದ ವರ್ಷ ಒಂದು ಶುಕ್ರವಾರ ನಾವೆಲ್ಲ ಊಟಕ್ಕೆ ಕೂತಿದ್ದಾಗ ಉಡುಪಿ ಕಡೆಯ ಗೆಳೆಯನೊಬ್ಬ ಮುಖ ಬಾಡಿಸಿಕೊಂಡು ಬಂದ. ಅವನು ಒಂದು ವಿಲ್ಲಾದಲ್ಲಿ ಡ್ರೈವರ್. ಮನೆಯ ಎಂಟು ತಿಂಗಳ ಜರ್ಮನ್ ಶೆಫರ್ಡ್ ನಾಯಿ ಟೈಗರನಿಗೆ ಊಟ, ಸುತ್ತಾಟ ಎಲ್ಲವೂ ಇವನದೇ. ನಾಯಿ ಹಿಂಗಾಲು ಎಳೆದು ನಡೆಯತೊಡಗಿತ್ತು. ಎಕ್ಸ್‌ರೇಯಲ್ಲಿ ಎಡ ಸೊಂಟದ ಕೀಲು ತೀರಾ ಕೆಟ್ಟಿದೆ, ಬಲ ಸರಿ ಇದೆ ಎಂದು ಬಂತು. "ನೀನು ಓಡಿಸಿಯೇ ಹೀಗಾಯಿತು" ಎಂದರು ಯಜಮಾನರು. "ಅಣ್ಣಾ, ನನ್ನಿಂದಲೇ ಆಯಿತಾ?" ಎಂದು ಮೊಬೈಲ್ ಮುಂದಿಟ್ಟ.

ನಾವು ಮಾತ್ರೆ ಕೊಡುವವರು, ಎಕ್ಸ್‌ರೇ ಓದುವವರಲ್ಲ. ಆದರೂ ಚಿತ್ರದಲ್ಲಿ ಒಂದು ಸಂಗತಿ ನಮ್ಮ ಕಣ್ಣಿಗೂ ಬಿತ್ತು. ಸೊಂಟದ ಮೂಳೆಯ ಕೆಳಭಾಗದಲ್ಲಿ ಎರಡು ಮೊಟ್ಟೆಯಾಕಾರದ ಕಿಂಡಿಗಳಿವೆ. ಎಡಗಡೆಯದು ಕಿರಿದು, ಬಲಗಡೆಯದು ಅಗಲ. ಮಂಡಿಚಿಪ್ಪು ಕೂಡ ಮೂಳೆಯ ನಡುವೆ ಇರಲಿಲ್ಲ. ಪರಿಚಯದ ಪಶುವೈದ್ಯರಿಗೆ ತೋರಿಸಿದೆವು. "ನಾಯಿ ಓರೆಯಾಗಿ ಮಲಗಿದೆ, ಇದಕ್ಕೆ ಅಂಕ ಹಾಕುವಂತಿಲ್ಲ" ಎಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ನಾಯಿಯನ್ನು ಬೆನ್ನ ಮೇಲೆ ನೇರವಾಗಿ ಮಲಗಿಸಬೇಕು. ಹಿಂಗಾಲುಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಹಿಂದಕ್ಕೆ ಚಾಚಿ, ಮಂಡಿಚಿಪ್ಪು ಮೂಳೆಯ ನಡುವೆ ಬರುವಷ್ಟು ಒಳಕ್ಕೆ ತಿರುಗಿಸಬೇಕು. ಕಿಂಡಿಗಳೆರಡೂ ಒಂದೇ ಅಳತೆಯಲ್ಲಿ ಕಂಡರೆ ಸೊಂಟ ನೇರವಾಗಿದೆ ಎಂದರ್ಥ. ಓರೆಯಾದರೆ ಒಂದು ಬಟ್ಟಲು ಇರುವುದಕ್ಕಿಂತ ಆಳವಾಗಿಯೂ ಇನ್ನೊಂದು ಆಳವಿಲ್ಲದಂತೆಯೂ ಕಾಣುತ್ತದೆ. ಎಚ್ಚರವಿರುವ ನಾಯಿ ಒದ್ದಾಡುತ್ತದೆ, ಸ್ನಾಯು ಬಿಗಿ ಹಿಡಿಯುತ್ತದೆ. ಹಾಗಾಗಿ ಮಂಪರಿನ ಇಂಜೆಕ್ಷನ್ ಕೊಟ್ಟು ತೆಗೆಯುವುದೇ ಸರಿ.

ಎರಡನೇ ಎಕ್ಸ್‌ರೇ ಹಾಗೆ ತೆಗೆದದ್ದು. ಆಮೇಲೆ ಕೋನ ಅಳೆದರು. ಎರಡೂ ತೊಡೆಮೂಳೆಗಳ ಗುಂಡಿನ ನಡುಬಿಂದುಗಳನ್ನು ಸೇರಿಸಿ ಒಂದು ಗೆರೆ, ಅಲ್ಲಿಂದ ಬಟ್ಟಲಿನ ಮುಂದಿನ ಅಂಚಿಗೆ ಇನ್ನೊಂದು ಗೆರೆ. ಇವುಗಳ ನಡುವಿನದು ನಾರ್ಬರ್ಗ್ ಕೋನ. ಸಾಮಾನ್ಯವಾಗಿ 105 ಡಿಗ್ರಿ ಅಥವಾ ಹೆಚ್ಚಿದ್ದರೆ ಒಳ್ಳೆಯದು. ಟೈಗರನಿಗೆ ಎಡಕ್ಕೆ 98, ಬಲಕ್ಕೆ 101. ಎಂದರೆ 'ಎಡ ತೀರಾ ಕೆಟ್ಟಿದೆ, ಬಲ ಸರಿ' ಎಂಬುದು ತಪ್ಪು. ಎರಡೂ ಸ್ವಲ್ಪ ಸಡಿಲ. ಸಂಧಿವಾತದ ಗುರುತು ಇನ್ನೂ ಇರಲಿಲ್ಲ.

ಇಲ್ಲೊಂದು ತೊಡಕು. ಕಾಲು ಚಾಚಿದಾಗ ಕೀಲಿನ ಸುತ್ತಲ ಪೊರೆ ತಿರುಚಿ ಬಿಗಿಯಾಗುತ್ತದೆ, ಗುಂಡು ಒಳಕ್ಕೆ ಸರಿಯುತ್ತದೆ, ಸಡಿಲ ಮುಚ್ಚಿಹೋಗುತ್ತದೆ. ಅದಕ್ಕೇ ಅಮೆರಿಕದ ಒಎಫ್‌ಎ ಸಂಸ್ಥೆ 24 ತಿಂಗಳಾಗುವವರೆಗೆ ಅಂತಿಮ ದರ್ಜೆ ಕೊಡುವುದಿಲ್ಲ. ಅದಕ್ಕೂ ಮೊದಲಿನದು ತಾತ್ಕಾಲಿಕ ಮಾತ್ರ.

ಮರಿಯಲ್ಲೇ ಸಡಿಲವನ್ನು ಅಳೆಯಲು ಪೆನ್‌ಹಿಪ್ ವಿಧಾನವಿದೆ, 16 ವಾರದಿಂದಲೇ ಆಗುತ್ತದೆ. ಕಾಲುಗಳ ನಡುವೆ ಸಾಧನವೊಂದನ್ನಿಟ್ಟು ಗುಂಡನ್ನು ಮೆಲ್ಲಗೆ ಹೊರಕ್ಕೆ ಒತ್ತಿ ಎಕ್ಸ್‌ರೇ ತೆಗೆಯುತ್ತಾರೆ. ಗುಂಡು ಸರಿದ ದೂರವನ್ನು ಅದರ ತ್ರಿಜ್ಯದಿಂದ ಭಾಗಿಸಿದರೆ ಅಂಕ ಸಿಗುತ್ತದೆ. 0.30ಕ್ಕಿಂತ ಕಡಿಮೆಯಾದರೆ ಮುಂದೆ ಸಂಧಿವಾತ ಬರುವ ಸಂಭವ ಬಹಳ ಕಡಿಮೆ. ಟೈಗರನಿಗೆ 0.52 ಮತ್ತು 0.48, ಎಂದರೆ ಗುಂಡು ತನ್ನ ತ್ರಿಜ್ಯದ ಅರ್ಧದಷ್ಟು ಹೊರಬಂದಿದೆ. ಅಷ್ಟೇ ಅಂಕದ ರಾಟ್‌ವೀಲರ್‌ಗಿಂತ ಜರ್ಮನ್ ಶೆಫರ್ಡ್‌ಗೆ ಅಪಾಯ ಹೆಚ್ಚು.

ಆದರೆ ಅಂಕ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ನಂಬಬೇಕು. ಸಂಧಿವಾತ ಬರುವ ಸಂಭವ ಎಷ್ಟೆಂದು ಹೇಳುತ್ತದೆ. ಯಾವಾಗ ಬರುತ್ತದೆ, ಎಷ್ಟು ನೋಯುತ್ತದೆ ಎಂದು ಹೇಳುವುದಿಲ್ಲ. ಎಕ್ಸ್‌ರೇಯಲ್ಲಿ ಕೆಟ್ಟದಾಗಿ ಕಂಡರೂ ಆರಾಮಾಗಿ ಓಡುವ ನಾಯಿಗಳಿವೆ.

ಗೆಳೆಯನ ಪ್ರಶ್ನೆಗೂ ಉತ್ತರ ಸಿಕ್ಕಿತು. ಎರಡೂ ಕಡೆ ಕೀಲು ಸಡಿಲವಾಗುವ ಪ್ರವೃತ್ತಿ ಹೆಚ್ಚಾಗಿ ಹುಟ್ಟಿನಿಂದ, ಹಲವು ವಂಶವಾಹಿಗಳ ಮೂಲಕ ಬರುತ್ತದೆ. ಸಂಜೆಯ ಸುತ್ತಾಟ ಅದನ್ನು ಸೃಷ್ಟಿಸುವುದಿಲ್ಲ. ಆದರೆ ತೂಕಕ್ಕೆ ಪಾತ್ರವಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಆಹಾರ ಕೊಟ್ಟು ಸಾಕಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ಸಂಧಿವಾತ ಕಡಿಮೆ, ಬಂದರೂ ತಡವಾಗಿ. ಸುಮಾರು ಎರಡು ವರ್ಷ ಹೆಚ್ಚೂ ಬದುಕಿದವು. ಟೈಗರನ ಬಟ್ಟಲಿಗೆ ಮಾತ್ರ ಮನೆಯವರೆಲ್ಲ ತಲೆಗೊಂದು ತುತ್ತು ಹಾಕುತ್ತಿದ್ದರು.

ವೈದ್ಯರು ಎರಡೂ ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು ಯಜಮಾನರಿಗೆ ಕಿಂಡಿಗಳನ್ನು ತೋರಿಸಿದರು. ಆಹಾರ ಅಳೆದು ಕೊಡಿ, ಮೆಟ್ಟಿಲು ಹತ್ತಿಳಿಸುವುದು, ಜಾರುವ ಟೈಲ್ಸ್ ಮೇಲೆ ಓಡಾಡಿಸುವುದು ಬೇಡ, ಇದರಿಂದ ಮರಿ ಮಾಡಿಸಬೇಡಿ ಎಂದರು. ನಾವು ಸೇರಿಸಿದ್ದು ಒಂದೇ ಮಾತು: ಮನೆಯಲ್ಲಿರುವ ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ಅದು ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು.

ಯಜಮಾನರು ಏನೂ ಹೇಳಲಿಲ್ಲವಂತೆ. ಮರುದಿನ ಅಡುಗೆಮನೆಯಲ್ಲಿ ಒಂದು ಅಳತೆ ಕಪ್ ಇಟ್ಟಿದ್ದರು. "ಇನ್ನು ಇವನಿಗೆ ನೀನೇ ಅಳೆದು ಹಾಕು" ಎಂದರಂತೆ. ಗೆಳೆಯ ಅದನ್ನು ಹೇಳುವಾಗ ಮುಖದಲ್ಲಿ ನಗುವಿತ್ತು.